ಬರ್ಮಾ ಕಾಡಿನ ಯುದ್ಧ: ವಿಮಾನದಿಂದ ಊಟ ಬೀಳ್ತಿತ್ತು ಅಂದ್ಮೇಲೆ ಸಾವಿರ ಹೇಸರಗತ್ತೆ ಯಾಕೆ?

ಪ್ರದೀಪ_ಹಾಸನ
ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಒಳಗೆ ನುಗ್ಗಿದ ಬ್ರಿಟಿಷರ ಚಿಂಡಿಟ್ ಪಡೆಯ ಬಗ್ಗೆ ಓದುತ್ತಿದ್ದೇನೆ. 1943ರ ಫೆಬ್ರವರಿಯಲ್ಲಿ ಅದರ ನಾಯಕ ವಿಂಗೇಟ್ ಸುಮಾರು 3000 ಜನರನ್ನು ಕರೆದುಕೊಂಡು ಚಿಂದ್ವಿನ್ ನದಿ ದಾಟಿದರು. ಜಪಾನಿಯರ ಬೆನ್ನ ಹಿಂದೆ ಹೋಗಿ ರೈಲು ಹಳಿ, ಸೇತುವೆ ಒಡೆಯುವುದು ಅವರ ಕೆಲಸ. ಊಟ, ಮದ್ದುಗುಂಡು ಎಲ್ಲ ವಿಮಾನದಿಂದ ಬೀಳುತ್ತಿತ್ತು. ಆದರೂ ಜೊತೆಗೆ ಸುಮಾರು ಸಾವಿರ ಪ್ರಾಣಿ ಇದ್ದವಂತೆ, ಹೆಚ್ಚಿನವು ಹೇಸರಗತ್ತೆ. ನನಗೆ ಅರ್ಥ ಆಗದ್ದು ಇದೇ. ಊಟ ಆಕಾಶದಿಂದ ಬರುವಾಗ ಇಷ್ಟು ಪ್ರಾಣಿ ಯಾಕೆ? ಸುದ್ದಿ ಕಳಿಸಲು ಪಾರಿವಾಳ ಸಾಕಾಗುತ್ತಿರಲಿಲ್ಲವೇ? ತಿಳಿದವರು ಹೇಳಿ.

ಗಿರೀಶ್ ಎನ್
ಸಿಂಪಲ್ ಪ್ರದೀಪ್. ಅಲ್ಲಿ ರಸ್ತೆ ಇರಲಿಲ್ಲ, ಲಾರಿ ಹೋಗಲ್ಲ. ಹಾಗಾಗಿ ಊಟ ಹೊರೋಕೆ ಹೇಸರಗತ್ತೆ ಬೇಕಾಯ್ತು. ಪಾರಿವಾಳಾನೂ ಆ ಕಾಲದಲ್ಲಿ ಎಲ್ಲಾ ಸೈನ್ಯದಲ್ಲೂ ಇತ್ತು. ಎಲ್ಲಿಗೆ ಬೇಕೋ ಅಲ್ಲಿಗೆ ಚೀಟಿ ಕಟ್ಟಿ ಬಿಟ್ಟರೆ ಆಯ್ತು. ಬರ್ಮಾದಲ್ಲಿ ಯಾಕೆ ಜಾಸ್ತಿ ಬಳಸಲಿಲ್ಲವೋ ಗೊತ್ತಿಲ್ಲ.

ಡಾ_ಶಂಕರ_ಪಶುವೈದ್ಯ
ಗಿರೀಶ್ ಅವರೇ, ರಸ್ತೆ ವಿಷಯ ಸರಿ. ಆದರೆ ಊಟ ಹೊರುವುದು ಮುಖ್ಯ ಕೆಲಸ ಆಗಿರಲಿಲ್ಲ. ಊಟವನ್ನು ಸೈನಿಕರು ಬೆನ್ನಿನ ಮೇಲೆ ತಾವೇ ಹೊರುತ್ತಿದ್ದರು. ಪಾರಿವಾಳದ ವಿಷಯ ಮೊದಲು ಹೇಳಿಬಿಡುತ್ತೇನೆ, ಪ್ರದೀಪರ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಬರುತ್ತದೆ.

ಪಾರಿವಾಳ ಬೇಕಾದ ಕಡೆಗೆ ಹೋಗುವುದಿಲ್ಲ. ತನ್ನ ಗೂಡಿಗೆ ಮಾತ್ರ ವಾಪಸ್ ಹೋಗುತ್ತದೆ. ಸೈನಿಕರು ಅದನ್ನು ಬುಟ್ಟಿಯಲ್ಲಿ ಹೊತ್ತು ಮುಂದೆ ಹೋಗಬೇಕು, ಅಲ್ಲಿಂದ ಬಿಡಬೇಕು. ಕಾಲಿಗೆ ಕಟ್ಟಿದ ಸಣ್ಣ ಕೊಳವೆಯಲ್ಲಿ ತೆಳು ಕಾಗದ. ಹಗಲು ಬೆಳಕಿದ್ದರೆ, ಮಂಜು ಮಳೆ ಇಲ್ಲದಿದ್ದರೆ, ಗಿಡುಗ ಹಿಡಿಯದಿದ್ದರೆ ಅದು ತಲುಪುತ್ತದೆ. 1943ರ ಅಕ್ಟೋಬರ್ 18ರಂದು ಇಟಲಿಯ ಕಾಲ್ವಿ ವೆಕ್ಕಿಯಾ ಎಂಬ ಊರಲ್ಲಿ ಹೀಗೇ ಆಯಿತು. ಬ್ರಿಟಿಷ್ ಪಡೆ ಅಂದುಕೊಂಡದ್ದಕ್ಕಿಂತ ಬೇಗ ಊರು ಹಿಡಿದಿತ್ತು. ಅದೇ ಊರಿನ ಮೇಲೆ ಅಮೆರಿಕದ ವಿಮಾನಗಳು ಬಾಂಬ್ ಹಾಕಲು ಸಿದ್ಧವಾಗಿದ್ದವು. ಜಿ.ಐ. ಜೋ ಎಂಬ ಪಾರಿವಾಳ 20 ಮೈಲಿ ದೂರವನ್ನು ಸುಮಾರು 20 ನಿಮಿಷದಲ್ಲಿ ಹಾರಿ ಸುದ್ದಿ ಮುಟ್ಟಿಸಿತು. ದಾಳಿ ನಿಂತಿತು.

ಅಲ್ಲಿ ದೂರ ಕಡಿಮೆ, ಗೂಡು ಹಿಂದೆಯೇ ಇದೆ, ಹೇಳಬೇಕಾದ್ದು ಒಂದೇ ಮಾತು. ಚಿಂಡಿಟ್ ತುಕಡಿ ದಿನಾ ಜಾಗ ಬದಲಿಸುತ್ತಿತ್ತು. ನೂರಾರು ಕಿಲೋಮೀಟರ್ ಒಳಗಿದ್ದ ಅವರು ಪಾರಿವಾಳದ ಕೈಲಿ ‘ಅಕ್ಕಿ ಬೇಕು’ ಅಂತ ಹೇಳಿ ಕಳಿಸಬಹುದಿತ್ತು. ‘ನಾಳೆ ಬೆಳಗ್ಗೆ ಇಂಥ ಬಯಲಲ್ಲಿ ಹಾಕುತ್ತೇವೆ, ಬೆಂಕಿ ಹಚ್ಚಿ ಗುರುತು ಮಾಡಿ’ ಎನ್ನುವ ಉತ್ತರ ಅವರಿಗೆ ಬರುವುದು ಹೇಗೆ? ಅದಕ್ಕೆ ವೈರ್‌ಲೆಸ್ ಬೇಕೇ ಬೇಕು. ಆಗಿನ ದೂರದ ವೈರ್‌ಲೆಸ್ ಅಂದರೆ ದೊಡ್ಡ ಪೆಟ್ಟಿಗೆ, ಸೀಸದ ಬ್ಯಾಟರಿಗಳು, ಅವುಗಳನ್ನು ಚಾರ್ಜ್ ಮಾಡುವ ಪೆಟ್ರೋಲ್ ಎಂಜಿನ್, ಅದಕ್ಕೆ ಪೆಟ್ರೋಲ್. ಮನುಷ್ಯನ ಬೆನ್ನಿಗೆ ಇದು ಆಗದ ಮಾತು.

ಹಾಗಾಗಿ ಊಟ ಬಿದ್ದದ್ದು ವಿಮಾನದಿಂದ ನಿಜ, ಅದನ್ನು ಕರೆದದ್ದು ಹೇಸರಗತ್ತೆಯ ಬೆನ್ನ ಮೇಲಿದ್ದ ವೈರ್‌ಲೆಸ್. ಉಳಿದ ಪ್ರಾಣಿಗಳ ಮೇಲೆ ಮಾರ್ಟರ್, ಮೆಷಿನ್ ಗನ್, ಅವುಗಳ ಗುಂಡು, ಸೇತುವೆ ಒಡೆಯುವ ಸ್ಫೋಟಕ ಇರುತ್ತಿದ್ದವು.

ಬಸು_ಜಮಖಂಡಿ
ಪ್ರಾಣಿ ಅಂದ್ರ ನಮ್ಮ ಮುಧೋಳ ನಾಯಿ ಬಗ್ಗೆ ಯಾರೂ ಮಾತಾಡ್ತಿಲ್ಲಲ್ರೀ! 2016ರಾಗ ಸೈನ್ಯದವರು ಮೀರತ್‌ನ ತರಬೇತಿ ಕೇಂದ್ರಕ್ಕ ಮುಧೋಳ ಮರಿ ಒಯ್ದರು. ನಮ್ಮ ಮನ್ಯಾಗೂ ಒಂದು ಐತಿ. ಓಡೋದ್ರಾಗ ಅದಕ್ಕ ಸಾಟಿ ಇಲ್ಲ. ಬರ್ಮಾಕ್ಕ ಇದನ್ನ ಕಳಿಸಿದ್ರ ಸುದ್ದಿ ಒಯ್ಯೂ ಕೆಲಸಾ ಆಗ್ತಿತ್ತು ಅಲ್ರೀ?

ಡಾ_ಶಂಕರ_ಪಶುವೈದ್ಯ
ಬಸು ಅವರೇ, ಚಿಂಡಿಟ್ ಪಡೆಯಲ್ಲಿ ಸುದ್ದಿ ಒಯ್ಯುವ ನಾಯಿಗಳೂ ಇದ್ದವು. ತುಕಡಿ ಒಬ್ಬರ ಹಿಂದೆ ಒಬ್ಬರು ನಡೆಯುವಾಗ ಮುಂದಿನವರಿಗೂ ಹಿಂದಿನವರಿಗೂ ತುಂಬಾ ಅಂತರ ಬೀಳುತ್ತದೆ. ಕಿರುಚುವಂತಿಲ್ಲ. ಸುದ್ದಿ ಒಯ್ಯುವ ನಾಯಿಗೆ ಸಾಮಾನ್ಯವಾಗಿ ಇಬ್ಬರು ಯಜಮಾನರು. ಒಬ್ಬ ಮುಂದೆ, ಒಬ್ಬ ಹಿಂದೆ. ಒಬ್ಬ ಕೊರಳಪಟ್ಟಿಗೆ ಚೀಟಿ ಸಿಕ್ಕಿಸಿ ಬಿಟ್ಟರೆ ಅದು ಇನ್ನೊಬ್ಬನನ್ನು ಹುಡುಕಿಕೊಂಡು ಓಡುತ್ತದೆ. ಪಾರಿವಾಳಕ್ಕಿಂತ ಇಲ್ಲಿ ಒಂದು ಅನುಕೂಲ: ಎರಡೂ ಕಡೆಗೆ ಹೋಗಿ ಬರುತ್ತದೆ. ಆದರೆ ಇದು ಹತ್ತಿರದ ಕೆಲಸ. ನದಿ ಆಚೆಯ ಭಾರತಕ್ಕೆ ಅದು ಸುದ್ದಿ ಒಯ್ಯಲಾರದು.

ಮುಧೋಳ ನಾಯಿ ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವ ತಳಿ. ಬಯಲಲ್ಲಿ ಅದರ ಓಟಕ್ಕೆ ಬೆಲೆ. ಬಿದಿರು ಮೆಳೆಯಲ್ಲಿ ಹತ್ತು ಮಾರು ದೂರ ಕಾಣದ ಕಡೆ ಮೂಗಿನ ಕೆಲಸ ಜಾಸ್ತಿ.

ಬಸು_ಜಮಖಂಡಿ
ಮೂಗೂ ಚಲೋನ ಐತಿ ಸರ್. ನಮ್ಮದು ಕತ್ತಲದಾಗ ಹೊಲದ ಬದುವಿನ ಮ್ಯಾಲೆ ಹಂದಿ ವಾಸನಿ ಹಿಡೀತೈತಿ. ಇದನ್ನ ನಾ ಒಪ್ಪೂದಿಲ್ಲ.

ಕಾವೇರಮ್ಮ_ಮಡಿಕೇರಿ
ನನ್ನ ಅಪ್ಪ ಸೈನ್ಯದಲ್ಲಿ ಹೇಸರಗತ್ತೆ ಸಾಗಣೆಯ ಕಂಪನಿಯಲ್ಲಿದ್ದರು. ಬರ್ಮಾ ಅಲ್ಲ, ಅದಕ್ಕಿಂತ ತುಂಬಾ ಈಚೆಗೆ, ಸಿಕ್ಕಿಂ ಕಡೆ. ‘ಖಚ್ಚರ್’ ಅಂತಲೇ ಕರೆಯುತ್ತಿದ್ದರು. ರಜಕ್ಕೆ ಬಂದಾಗ ನಮ್ಮ ತೋಟದಲ್ಲಿ ಚೀಲ ಹೊರುವವರ ಹೆಗಲನ್ನೂ ಮುಟ್ಟಿ ನೋಡುತ್ತಿದ್ದರು, ಅಭ್ಯಾಸ ಹಾಗೆ. ಗುಂಡು ಬಿದ್ದು ಸತ್ತ ಪ್ರಾಣಿಗಿಂತ ಬೆನ್ನು ಹುಣ್ಣಾಗಿ ಕೆಲಸಕ್ಕೆ ಬಾರದಾದ ಪ್ರಾಣಿಯೇ ಜಾಸ್ತಿ ಎನ್ನುತ್ತಿದ್ದರು. ಸಂಜೆ ಜೀನು ಇಳಿಸಿದ ತಕ್ಷಣ ನೋಡಿದರೆ ಏನೂ ಕಾಣಲ್ಲ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಬೇಕು ಅಂತಲೂ ಹೇಳುತ್ತಿದ್ದರು. ಶಂಕರ್ ಸರ್, ಅದು ಯಾಕೆ ಹಾಗೆ?

ಡಾ_ಶಂಕರ_ಪಶುವೈದ್ಯ
ಕಾವೇರಮ್ಮನವರೇ, ನಿಮ್ಮ ತಂದೆ ಹೇಳಿದ್ದು ನೂರಕ್ಕೆ ನೂರು ನಿಜ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಚಿಂಡಿಟ್ ತುಕಡಿಯ ಹಣೆಬರಹ ಈ ಬೆನ್ನಿನ ಮೇಲೆ ನಿಂತಿತ್ತು.

ಜೀನು ಒಂದು ಜಾಗದಲ್ಲಿ ಒತ್ತುತ್ತಿದ್ದರೆ ಅಲ್ಲಿಗೆ ರಕ್ತ ಓಡುವುದಿಲ್ಲ. ಒತ್ತಡ ಇರುವ ತನಕ ಚರ್ಮ ಚಪ್ಪಟೆಯಾಗಿಯೇ ಕಾಣುತ್ತದೆ. ಜೀನು ತೆಗೆದ ಮೇಲೆ ರಕ್ತ ನುಗ್ಗುತ್ತದೆ, ಅರ್ಧ ಗಂಟೆಯಲ್ಲಿ ಊದಿಕೊಳ್ಳುತ್ತದೆ. ಅದಕ್ಕೇ ಬಂದ ಕೂಡಲೇ ಜೀನು ಕಿತ್ತು ಎಸೆಯಬಾರದು. ಹೊಟ್ಟೆಪಟ್ಟಿ ಸಡಿಲ ಮಾಡಿ, ಹೊರೆ ಇಳಿಸಿ, ಜೀನನ್ನು ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಆಮೇಲೆ ತೆಗೆದು ಬೆನ್ನನ್ನು ಉಜ್ಜಬೇಕು. ಅಂಗೈಯನ್ನು ಬೆನ್ನಿನ ಉದ್ದಕ್ಕೂ ಒತ್ತಿ ಎಳೆದರೆ ನೋವಿರುವ ಕಡೆ ಪ್ರಾಣಿ ಬೆನ್ನು ಕೆಳಗೆ ತಗ್ಗಿಸುತ್ತದೆ. ಕೂದಲು ಅಡ್ಡಾದಿಡ್ಡಿ ಇದ್ದರೆ ಅಲ್ಲಿ ಜೀನು ಉಜ್ಜುತ್ತಿದೆ ಎಂದರ್ಥ. ಬೆವರು ಹಿಡಿದ ಬೆನ್ನಲ್ಲಿ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ.

ಈಗ ವೈರ್‌ಲೆಸ್ ಪ್ರಾಣಿಗೇ ಬರೋಣ. ಹೇಸರಗತ್ತೆಯ ಹೊರೆ ಜೀನು ಬಿಟ್ಟು ಸುಮಾರು 72 ಕಿಲೋ ಅಂತ ಲೆಕ್ಕ. ಅಂದರೆ ಎರಡು ಬದಿಗೂ 36 ಕಿಲೋ. ಹೊರಡುವ ಮೊದಲು ಎರಡೂ ಬದಿ ತೂಗಿ ಸಮ ಮಾಡುತ್ತಾರೆ. ಒಂದು ಬದಿಯಲ್ಲಿ 18 ಲೀಟರಿನ ಪೆಟ್ರೋಲ್ ಡಬ್ಬ ಇದೆ ಅಂದುಕೊಳ್ಳಿ, ಅದರ ತೂಕ ಸುಮಾರು 13 ಕಿಲೋ. ಬ್ಯಾಟರಿ ಚಾರ್ಜ್ ಮಾಡುತ್ತಾ ಅರ್ಧ ಪೆಟ್ರೋಲ್ ಖರ್ಚಾಯಿತು. ಈಗ ಆ ಬದಿ ಆರೇಳು ಕಿಲೋ ಹಗುರ. ಹೊರೆ ಕಟ್ಟುವವನು ಸುಮ್ನೆ ನಿನ್ನೆಯ ಹಾಗೇ ಕಟ್ಟಿದರೆ ಜೀನು ಭಾರದ ಬದಿಗೆ ವಾಲುತ್ತದೆ, ಬೆನ್ನುಮೂಳೆಯ ಮೇಲೆ ಓರೆಯಾಗಿ ಕೂರುತ್ತದೆ. ಸಂಜೆಗೆ ಹೆಗಲ ಮೂಳೆಯ ಪಕ್ಕ ಬಾವು. ಮರುದಿನವೂ ಅದೇ ಜೀನು ಹಾಕಿದರೆ ಚರ್ಮ ಕಿತ್ತು ಬರುತ್ತದೆ. ಆದ್ದರಿಂದ ದಿನಾ ಬೆಳಗ್ಗೆ ಹೊಸದಾಗಿ ಸಮ ಮಾಡಬೇಕು. ಹೊರಟು ಅರ್ಧ ಗಂಟೆ ಆದ ಮೇಲೆ ಒಮ್ಮೆ ನಿಲ್ಲಿಸಿ ಹೊಟ್ಟೆಪಟ್ಟಿ ಬಿಗಿ ಮಾಡಬೇಕು, ಯಾಕೆಂದರೆ ಕಂಬಳಿ ಅಷ್ಟರಲ್ಲಿ ಅಮರಿಕೊಂಡಿರುತ್ತದೆ.

ಕಾಡಿನಲ್ಲಿ ಇನ್ನೊಂದು ಕಷ್ಟ. ತಿಂಗಳು ಕಳೆದಂತೆ ಪ್ರಾಣಿ ಸೊರಗುತ್ತದೆ. ದಪ್ಪ ಇದ್ದಾಗ ಸರಿಯಾಗಿ ಕೂರುತ್ತಿದ್ದ ಜೀನು ಈಗ ಮೂಳೆಗೆ ತಾಗುತ್ತದೆ. ಆಗ ಜೀನಿನ ಒಳಗಿನ ಉಣ್ಣೆ ತುಂಬಿಸಿ ಎತ್ತರಿಸಬೇಕು. ಹುಣ್ಣು ಇದ್ದ ಕಡೆ ಉಣ್ಣೆ ತೆಗೆದು ಗುಳಿ ಮಾಡಬೇಕು. ಹೀಗೆ ಮಾಡಿದರೆ ಹುಣ್ಣಿದ್ದರೂ ಒಂದಷ್ಟು ದಿನ ನಡೆಸಬಹುದು. ಗಾಯ ಮಾಯಲು ನಿಜವಾಗಿ ಬೇಕಾದ್ದು ವಿಶ್ರಾಂತಿ, ಅದೊಂದು ಅವರ ಬಳಿ ಇರಲಿಲ್ಲ.

ಪ್ರದೀಪ_ಹಾಸನ
ಅಬ್ಬಾ, ಪೆಟ್ರೋಲ್ ಖಾಲಿಯಾದಂತೆ ಹೊರೆ ವಾಲುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಮೇವು ಹೇಗೆ ಸರ್? ಅದನ್ನೂ ವಿಮಾನದಿಂದಲೇ ಹಾಕುತ್ತಿದ್ದರೇ?

ಡಾ_ಶಂಕರ_ಪಶುವೈದ್ಯ
ಕಾಳನ್ನು ಹಾಕುತ್ತಿದ್ದರು, ಆದರೆ ಸಾಲುತ್ತಿರಲಿಲ್ಲ. ಒಂದು ತುಕಡಿಯಲ್ಲಿ ಸುಮಾರು ನೂರು ಹೇಸರಗತ್ತೆ. ಒಂದಕ್ಕೆ ದಿನಕ್ಕೆ ನಾಲ್ಕು ಕಿಲೋ ಹಿಡಿದರೂ 400 ಕಿಲೋ. ಐದು ದಿನಕ್ಕೆ ಎರಡು ಟನ್, ಅಂದರೆ ಹತ್ತಿರ ಹತ್ತಿರ ಒಂದು ಡಕೋಟ ವಿಮಾನದ ತುಂಬಾ ಬರೀ ಕಾಳು. ಜನರಿಗೇ ಊಟ ಕಮ್ಮಿ ಬೀಳುತ್ತಿದ್ದ ಕಡೆ ಇದು ದೊಡ್ಡ ಭಾರ. ಹಾಗಾಗಿ ಬಿದಿರ ಎಲೆ ಕಡಿದು ತಿನ್ನಿಸುತ್ತಿದ್ದರು. ದಿನವಿಡೀ ನಡೆದ ಸೈನಿಕ ಸಂಜೆ ತಾನು ಕೂರುವ ಮೊದಲು ಬಿದಿರು ಕಡಿಯಲು ಹೋಗಬೇಕು. ಕುದುರೆಗಿಂತ ಹೇಸರಗತ್ತೆ ಮೇಲು ಎನ್ನುವುದು ಇಲ್ಲಿ. ಒರಟು ಮೇವಿನಲ್ಲಿ ತಡೆದುಕೊಳ್ಳುತ್ತದೆ, ಗೊರಸು ಗಟ್ಟಿ, ಇಳಿಜಾರಿನಲ್ಲಿ ಹೆಜ್ಜೆ ನೋಡಿ ಇಡುತ್ತದೆ.

ಮರುಭೂಮಿ_ಮನು (ದುಬೈ)
ಹಾಗಾದರೆ ಒಂಟೆ ಯಾಕೆ ಬೇಡ? ಒಂಟೆ ಇದರ ಎರಡು ಪಟ್ಟು ಹೊರುತ್ತದೆ, ನೀರೂ ಕಡಿಮೆ ಸಾಕು. ಮೊದಲ ಮಹಾಯುದ್ಧದಲ್ಲಿ ಬಿಕಾನೇರಿನ ಗಂಗಾ ರಿಸಾಲಾ ಒಂಟೆ ಮೇಲೆ ಕೂತೇ ಸೂಯೆಜ್ ಕಾಲುವೆ ಕಾದಿತ್ತು.

ಲಲಿತಾ_ಮೈಸೂರು
ಮನು, ಆ ಯುದ್ಧದಲ್ಲೇ ಇದಕ್ಕೆ ಉತ್ತರ ಇದೆ. ನನ್ನ ಆಸಕ್ತಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಬಗ್ಗೆ. ಅವರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಹಿಡಿದವರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ. ಅದೇ ಸಿನಾಯ್, ಪ್ಯಾಲೆಸ್ಟೈನ್ ದಾರಿಯಲ್ಲಿ ಸೈನ್ಯಕ್ಕೆ ನೀರು ಹೊತ್ತದ್ದು ಒಂಟೆಗಳು. ಒಂದೊಂದರ ಎರಡು ಬದಿಗೂ ತಗಡಿನ ನೀರಿನ ಡಬ್ಬ. ನೈಲ್ ನದಿಯಿಂದ ಕೊಳವೆ ಎಳೆದು ತಂದಿದ್ದರು. ಕೊಳವೆ ಮುಗಿದ ಕಡೆಯಿಂದ ಮುಂದಕ್ಕೆ ಒಂಟೆಯೇ ಗತಿ.

ಮರಳಿನಲ್ಲಿ ಎಲ್ಲ ಚೆನ್ನಾಗಿತ್ತು. 1917ರ ನವೆಂಬರಿನಲ್ಲಿ ಸೈನ್ಯ ಜೆರುಸಲೇಮ್ ಕಡೆಯ ಬೆಟ್ಟ ಹತ್ತಿತು, ಮಳೆಯೂ ಶುರುವಾಯಿತು. ಒಂಟೆಯ ಪಾದ ಮೆತ್ತಗೆ, ಅಗಲ. ಒದ್ದೆ ಬಂಡೆ, ಕೆಸರಿನ ಮೇಲೆ ಅದಕ್ಕೆ ಹಿಡಿತವಿಲ್ಲ. ಕಾಲು ಜಾರಿ ಅಗಲಕ್ಕೆ ಸೀಳಿಕೊಂಡು ಬೀಳುತ್ತಿದ್ದವು, ಎಷ್ಟೋ ಒಂಟೆ ಪ್ರಪಾತಕ್ಕೆ ಹೋದವು. ಚಳಿಗೂ ಸತ್ತವು. ಕೊನೆಗೆ ಈಜಿಪ್ಟಿನಿಂದ ಕತ್ತೆಗಳನ್ನು ತರಿಸಬೇಕಾಯಿತು. ಮಳೆ ಬೆಟ್ಟದಲ್ಲೇ ಹೀಗಾದರೆ ಬರ್ಮಾದ ಕೆಸರಿನಲ್ಲಿ ಏನಾಗುತ್ತಿತ್ತು ನೀವೇ ಯೋಚಿಸಿ.

ಮರುಭೂಮಿ_ಮನು (ದುಬೈ)
ಪಾದದ ವಿಷಯ ಒಪ್ಪುತ್ತೇನೆ ಲಲಿತಕ್ಕ. ಇಲ್ಲೂ ಮಳೆ ಬಂದ ದಿನ ಒಂಟೆ ಟಾರು ರಸ್ತೆ ದಾಟಲು ಹೆದರುತ್ತದೆ.

ನಂದಿನಿ_ಶಿವಮೊಗ್ಗ
ಇಷ್ಟೆಲ್ಲ ಆರೈಕೆ ಬಗ್ಗೆ ಬರೆಯುತ್ತಿದ್ದೀರಿ. ಆದರೆ ಅದೇ ಚಿಂಡಿಟ್‌ನವರು ಹೇಸರಗತ್ತೆ ಕೂಗಬಾರದು ಅಂತ ಗಂಟಲು ಕೊಯ್ದು ದನಿಯನ್ನೇ ತೆಗೆದರಲ್ಲ? ಅದನ್ನು ಯಾರೂ ಹೇಳುತ್ತಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಡಾ_ಶಂಕರ_ಪಶುವೈದ್ಯ
ನಂದಿನಿಯವರೇ, ನಿಜ. 1944ರ ಎರಡನೇ ದಾಳಿಗೆ ಮೊದಲು ಮಾಡಿದರು. ಪ್ರಾಣಿಗೆ ಮತ್ತು ಬರಿಸಿ, ಗಂಟಲಿನ ಕೆಳಭಾಗ ಕೊಯ್ದು, ಧ್ವನಿ ತಂತುಗಳನ್ನು ತೆಗೆಯುತ್ತಿದ್ದರು. ಉಸಿರಾಡುವಾಗ ಸದ್ದು ಬರುವ ರೋಗಕ್ಕೆ ಕುದುರೆಗಳಿಗೆ ಮಾಡುವ ಶಸ್ತ್ರಚಿಕಿತ್ಸೆಯೂ ಇದೇ ಜಾತಿಯದು, ಹಾಗಾಗಿ ಪಶುವೈದ್ಯರಿಗೆ ಕೈಪಳಗಿದ ಕೆಲಸ. ಗಾಯ ಮಾಯ್ದ ಮೇಲೆ ಪ್ರಾಣಿ ಎಂದಿನಂತೆ ತಿಂದು ಕೆಲಸ ಮಾಡುತ್ತಿತ್ತು. ಕಾಡಿನಲ್ಲಿ ಹೇಸರಗತ್ತೆಯ ಒಂದು ಕೂಗು ದೂರಕ್ಕೆ ಕೇಳುತ್ತದೆ. ಜೊತೆಗಾರ ಪ್ರಾಣಿ ಮರೆಯಾದರೆ, ಮೇವಿನ ಹೊತ್ತಾದರೆ ಅದು ಕೂಗಿಯೇ ಕೂಗುತ್ತದೆ. ಅಡಗಿ ಕೂತ ನಾನೂರು ಜನರ ಜೀವ ಅದರ ಮೇಲೆ ನಿಂತಿತ್ತು. ನಾನು ಅಲ್ಲಿದ್ದರೆ ಮಾಡುತ್ತಿದ್ದೆ.

ನಂದಿನಿ_ಶಿವಮೊಗ್ಗ
ವಿಮಾನ ತಲೆ ಮೇಲೆ ಸುತ್ತಿ ಪ್ಯಾರಾಚೂಟ್ ಇಳಿಸುವಾಗ ಶತ್ರುವಿಗೆ ಗೊತ್ತಾಗುತ್ತಿರಲಿಲ್ಲವೇ ಸರ್? ಬೆಂಕಿ ಹಚ್ಚಿ ಗುರುತು ಮಾಡುತ್ತಿದ್ದವರು ಪ್ರಾಣಿಯ ಕೂಗಿಗೆ ಇಷ್ಟು ಹೆದರಬೇಕಿತ್ತೇ? ಅದು ಕೂಗುವುದು ತನ್ನ ಜೊತೆಗಾರನನ್ನು ಕರೆಯಲು. ಅದನ್ನೇ ಕಿತ್ತುಕೊಂಡರೆ ಬರೀ ದನಿ ಹೋಯಿತು ಅನ್ನಲಾಗದು.

ಡಾ_ಶಂಕರ_ಪಶುವೈದ್ಯ
ಊಟ ಬೀಳಿಸಿಕೊಂಡ ಮೇಲೆ ತುಕಡಿ ಆ ಜಾಗ ಬಿಟ್ಟು ಹೋಗುತ್ತಿತ್ತು. ಅಪಾಯ ಇದ್ದದ್ದು ಆಮೇಲೆ, ಮಲಗಿದ ಕಡೆ. ಆದರೆ 1944ರಲ್ಲಿ ಕೆಲವು ಪಡೆಗಳು ತಿಂಗಳುಗಟ್ಟಲೆ ಒಂದೇ ಕೋಟೆಯಲ್ಲಿ ಕೂತು ಕಾದಾಡಿದವು, ಅಲ್ಲಿ ಯಾರಿಂದಲೂ ಅಡಗಿರಲಿಲ್ಲ. ಅಂಥ ಕಡೆ ನಿಮ್ಮ ಮಾತಿಗೆ ನನ್ನ ಬಳಿ ಉತ್ತರ ಇಲ್ಲ.

ಗಿರೀಶ್ ಎನ್
1944ರಲ್ಲಿ ಹೇಸರಗತ್ತೇನ ವಿಮಾನದಲ್ಲಿ ಒಯ್ದರಂತೆ? ಅದು ಹೇಗೆ ಸಾಧ್ಯ? ಲಾರಿಗೆ ಹತ್ತಿಸೋಕೇ ಒದೆಯುತ್ತೆ ಅದು.

ಡಾ_ಶಂಕರ_ಪಶುವೈದ್ಯ
1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್‌ನಿಂದ ಗ್ಲೈಡರ್‌ಗಳು ಹೊರಟವು. ಬ್ರಾಡ್‌ವೇ ಎಂದು ಹೆಸರಿಟ್ಟ ಬಯಲಲ್ಲಿ ಇಳಿದು ನೆಲ ಸಮ ಮಾಡಿದರು. ಆಮೇಲೆ ಡಕೋಟಗಳು ಬಂದವು. ಒಂದು ವಾರದೊಳಗೆ ಸುಮಾರು 9000 ಜನ, 1300 ಪ್ರಾಣಿ ಒಳಗೆ ಇಳಿದವು. ಒಂದು ಡಕೋಟದಲ್ಲಿ ನಾಲ್ಕೈದು ಹೇಸರಗತ್ತೆ. ಬಿದಿರ ಗಳ ಕಟ್ಟಿ ಒಂದೊಂದಕ್ಕೂ ಇಕ್ಕಟ್ಟಾದ ಅಂಕಣ ಮಾಡುತ್ತಿದ್ದರು. ಇಕ್ಕಟ್ಟು ಬೇಕೇ ಬೇಕು. ತಿರುಗಲು ಜಾಗ ಸಿಕ್ಕರೆ ಅದು ಗಾಬರಿಯಲ್ಲಿ ಹಿಂದೆ ಮುಂದೆ ಹಾರುತ್ತದೆ. ತಲೆಯ ಬಳಿ ಅದರದೇ ಸೈನಿಕ ನಿಲ್ಲುತ್ತಿದ್ದ. ವಿಮಾನ ಒಡೆಯುವ ಹಾಗೆ ಹುಚ್ಚೆದ್ದರೆ ಗುಂಡು ಹಾಕಬೇಕು ಎಂಬ ಆಜ್ಞೆಯೂ ಇತ್ತು. ಹೆಚ್ಚಿನವು ಸುಮ್ಮನೆ ನಿಂತು ಬಂದವು.

ನಿಜವಾಗಿ ಕಾಡಿದ್ದು ವಿಮಾನವಲ್ಲ, ನದಿ. 1943ರಲ್ಲಿ ಚಿಂದ್ವಿನ್ ದಾಟುವಾಗಲೇ ಹೇಸರಗತ್ತೆಗಳು ಹಟ ಹಿಡಿದವು. ಅರ್ಧ ಈಜಿ, ಹಿಂದಿನ ದಡದಲ್ಲಿ ಜೊತೆಗಾರರು ಕಂಡರೆ ತಿರುಗಿ ಬಂದುಬಿಡುತ್ತಿದ್ದವು. ಹೇಸರಗತ್ತೆಗೆ ಕುದುರೆಯನ್ನು, ಅದರಲ್ಲೂ ಹೆಣ್ಣು ಕುದುರೆಯನ್ನು ಹಿಂಬಾಲಿಸುವ ಸ್ವಭಾವ ಇದೆ. ಆದ್ದರಿಂದ ಒಂದನ್ನು ದೋಣಿಯ ಹಿಂದೆ ಹಗ್ಗ ಕಟ್ಟಿ ಈಜಿಸಿ, ಉಳಿದವನ್ನು ಅದರ ಬೆನ್ನಿಗೇ ನೂಕುವುದು ಒಳ್ಳೆಯ ದಾರಿ. ಶತ್ರು ಹತ್ತಿರ ಇರುವಾಗ ಅಷ್ಟು ಹೊತ್ತು ಸಿಗುವುದಿಲ್ಲ.

ಪ್ರದೀಪ_ಹಾಸನ
ವೈರ್‌ಲೆಸ್ ಪ್ರಾಣಿಯೇ ನದಿಯಲ್ಲಿ ಹೋದರೆ?

ಡಾ_ಶಂಕರ_ಪಶುವೈದ್ಯ
ತುಕಡಿ ಕಿವುಡಾಗುತ್ತದೆ, ಮೂಕವೂ ಆಗುತ್ತದೆ. ಅದಕ್ಕೇ ಸೆಟ್ಟನ್ನು ಇಳಿಸಿ ದೋಣಿಯಲ್ಲಿ ದಾಟಿಸಿ, ಪ್ರಾಣಿಯನ್ನು ಬರಿಮೈಯಲ್ಲಿ ಈಜಿಸುವುದು ಪದ್ಧತಿ.

1943ರ ಮಾರ್ಚ್ ಕೊನೆಯಲ್ಲಿ ವಾಪಸ್ ಬರುವ ಆಜ್ಞೆ ಬಂತು. ಐರಾವತಿ ನದಿಯ ದಡದಲ್ಲಿ ಜಪಾನಿಯರು ಕಾಯುತ್ತಿದ್ದರು. ದೊಡ್ಡ ಗುಂಪಾಗಿ ದಾಟಲು ಆಗದೆ ಸಣ್ಣ ಸಣ್ಣ ಗುಂಪಾಗಿ ಒಡೆದರು. ಹೇಸರಗತ್ತೆಗಳನ್ನು ಬಿಟ್ಟರು, ಕೆಲವನ್ನು ಕೊಂದು ತಿಂದರು. ಭಾರದ ವೈರ್‌ಲೆಸ್‌ಗಳನ್ನು ಒಡೆದು ಹಾಕಿದರು. ಅಲ್ಲಿಗೆ ಹೆಚ್ಚಿನ ಗುಂಪುಗಳಿಗೆ ವಿಮಾನವನ್ನು ಕರೆಯುವ ದಾರಿಯೇ ಇಲ್ಲವಾಯಿತು. ಗಾಯಾಳುಗಳನ್ನು ಹೊರಲು ಪ್ರಾಣಿಯೂ ಇಲ್ಲ. ಹೊರಟ 3000 ಜನರಲ್ಲಿ ಸುಮಾರು 2200 ಜನ ಮಾತ್ರ ಭಾರತಕ್ಕೆ ಬಂದರು. ಬಂದವರಲ್ಲೂ ಬಹಳ ಜನ ಮತ್ತೆ ಯುದ್ಧಕ್ಕೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ.

ಕಾವೇರಮ್ಮ_ಮಡಿಕೇರಿ
ಅಪ್ಪ ಪೆದೊಂಗಿ ಎಂಬ ಹೇಸರಗತ್ತೆಯ ಕಥೆ ಹೇಳುತ್ತಿದ್ದರು. 1971ರ ಯುದ್ಧದಲ್ಲಿ ಪಾಕಿಸ್ತಾನದವರು ಹಿಡಿದುಕೊಂಡು ಹೋಗಿ ಅವರ ಮೆಷಿನ್ ಗನ್ ಹೊರಿಸಿದರಂತೆ. ಅದು ಆ ಹೊರೆಯ ಸಮೇತ ನಮ್ಮ ಕಡೆಗೆ ವಾಪಸ್ ಬಂತಂತೆ. ಮುಪ್ಪಿನ ತನಕ ಸೈನ್ಯದಲ್ಲೇ ಇತ್ತು, ಗಿನ್ನಿಸ್ ದಾಖಲೆಗೂ ಸೇರಿತು.

ಗಿರೀಶ್ ಎನ್
ಅಂದ್ರೆ ಪಾರಿವಾಳದ ಹಾಗೆ ಹೇಸರಗತ್ತೆಗೂ ಮನೆ ದಾರಿ ಗೊತ್ತಾಗುತ್ತೆ ಅಂತಾಯ್ತು!

ಡಾ_ಶಂಕರ_ಪಶುವೈದ್ಯ
ಅಷ್ಟು ದೂರ ಎಳೆಯಬೇಡಿ ಗಿರೀಶ್. ನಡೆದ ಹಾದಿಯ ನೆನಪು, ಜೊತೆಗಾರ ಪ್ರಾಣಿಗಳಿರುವ ಕಡೆಗೆ ಸೆಳೆತ, ಇವೆರಡು ಅದಕ್ಕೆ ಜೋರಾಗಿಯೇ ಇವೆ. ಪಾರಿವಾಳವನ್ನು ಎಂದೂ ನೋಡದ ಜಾಗದಿಂದ ಬಿಟ್ಟರೂ ಗೂಡಿಗೆ ಬರುತ್ತದೆ. ಹೇಸರಗತ್ತೆ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ನಂದಿನಿ_ಶಿವಮೊಗ್ಗ
ಶಂಕರ್ ಸರ್, ಒಂದು ಉಳಿಯಿತು. ದನಿ ತೆಗೆದ ಪ್ರಾಣಿ ಹುಷಾರಿಲ್ಲದಿದ್ದರೆ, ನೋವಾದರೆ ನೋಡಿಕೊಳ್ಳುವವನಿಗೆ ಗೊತ್ತಾಗುವುದು ಹೇಗೆ?

ಡಾ_ಶಂಕರ_ಪಶುವೈದ್ಯ
ಹೇಸರಗತ್ತೆ ನೋವಿಗೆ ಕೂಗುವುದು ಕಡಿಮೆ, ದನಿ ಇದ್ದರೂ ಅಷ್ಟೇ. ಮೇವು ಬಿಡುತ್ತದೆ, ಕಿವಿ ಜೋಲುತ್ತದೆ, ಒಂದು ಕಾಲಿಗೆ ಭಾರ ಕೊಡದೆ ನಿಲ್ಲುತ್ತದೆ. ಹೊಟ್ಟೆನೋವಾದರೆ ಪಕ್ಕೆ ತಿರುಗಿ ನೋಡುತ್ತದೆ, ನೆಲ ಕೆರೆಯುತ್ತದೆ. ಬರ್ಮಾದಲ್ಲಿ ಕಚ್ಚುವ ನೊಣದಿಂದ ಹರಡುವ ಸರ್ರಾ ಜ್ವರದ ಭಯವೂ ಇತ್ತು. ಅದು ಬಂದರೆ ಜ್ವರ ಬಿಟ್ಟು ಬಿಟ್ಟು ಬರುತ್ತದೆ, ತಿನ್ನುತ್ತಿದ್ದರೂ ಮೈ ಇಳಿಯುತ್ತದೆ, ಕಾಲು ಮತ್ತು ಹೊಟ್ಟೆಯ ಕೆಳಗೆ ಊತ ಕಾಣುತ್ತದೆ. ದಿನಾ ಅದೇ ಸೈನಿಕ ಅದೇ ಪ್ರಾಣಿಯನ್ನು ನೋಡಿಕೊಂಡರೆ ಇದೆಲ್ಲ ಗೊತ್ತಾಗುತ್ತದೆ. ಆಗಾಗ ಆಳು ಬದಲಾದ ಕಡೆ ಗೊತ್ತಾಗುತ್ತಿರಲಿಲ್ಲ.

ಬಸು_ಜಮಖಂಡಿ
ನಾಯಿಗೂ ಇದ ಮಾತರೀ ಸರ್. ಸುದ್ದಿ ಒಯ್ಯೂ ನಾಯಿಗೆ ಇಬ್ಬರು ಯಜಮಾನರು ಅಂದ್ರಲ್ಲ, ಅವರಾಗ ಒಬ್ಬ ಸತ್ತರ ಆ ನಾಯಿ ಇನ್ನೊಬ್ಬ ಹೊಸಬನ ಕಡೆ ಓಡ್ತಿತ್ತೇನು? ಇದನ್ನ ಹೇಳ್ರಿ.

ಡಾ_ಶಂಕರ_ಪಶುವೈದ್ಯ
ತಕ್ಷಣ ಇಲ್ಲ. ಹೊಸಬನ ಜೊತೆ ಊಟ, ಆಟ, ಸಣ್ಣ ದೂರದ ಓಟ, ಎಲ್ಲ ಮೊದಲಿನಿಂದ ಮಾಡಿಸಬೇಕು. ಕಾಡಿನ ನಡುವೆ ಅದಕ್ಕೆ ಸಮಯ ಎಲ್ಲಿ? ಆ ನಾಯಿ ಸುದ್ದಿಯ ಕೆಲಸಕ್ಕೆ ಮುಗಿದಂತೆಯೇ. ರಾತ್ರಿ ಕಾವಲಿಗೆ ಮಾತ್ರ ಇಟ್ಟುಕೊಳ್ಳಬಹುದು.